ನೀರು ನುಗ್ಗಿದ ಮನೆಗೂ ಬಾಡಿಗೆ ಕಟ್ಟಬೇಕೆ?

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಮಹದೇವಪುರ, ಬೆಳ್ಳಂದೂರು, ಯಮಲೂರು ಸುತ್ತಮುತ್ತ ಜನ ಟ್ರ್ಯಾಕ್ಟರ್ ಹತ್ತಿ, ದೋಣಿ ಹತ್ತಿ ಮನೆಯಿಂದ ಹೊರಬಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಕ್ಯಾಮೆರಾ ಹೊರಟುಹೋದ ಮೇಲೆ ಏನಾಯಿತೆಂಬುದು ಸುದ್ದಿಯಾಗಲಿಲ್ಲ. ಕೆಸರು ತುಂಬಿದ ನೆಲಮಹಡಿಯಲ್ಲಿ ಬಾಡಿಗೆಗಿದ್ದವರು ನೆಂಟರ ಮನೆಯಲ್ಲೋ ಹೋಟೆಲಿನಲ್ಲೋ ಉಳಿದುಕೊಂಡಿರುವಾಗಲೇ ಮುಂದಿನ ತಿಂಗಳ ಬಾಡಿಗೆಯ ದಿನ ಬಂದುಬಿಡುತ್ತದೆ. ಬಾಡಿಗೆದಾರ, ‘ಇರಲಿಕ್ಕೇ ಆಗದ ಮನೆಗೆ ಯಾಕೆ ಕೊಡಲಿ?’ ಎನ್ನುತ್ತಾನೆ. ಮಾಲೀಕ, ‘ನೀರನ್ನು ನಾನು ತಂದು ಬಿಟ್ಟೆನಾ ಸ್ವಾಮಿ? ಬ್ಯಾಂಕಿನವರು ನನ್ನ ಕಂತು ಬಿಡುತ್ತಾರಾ?’ ಎಂದು ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಕಾನೂನು ಏನು ಹೇಳುತ್ತದೆಂದು ಮಾತ್ರ ಇಬ್ಬರಲ್ಲೊಬ್ಬರಿಗೂ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಕಾನೂನಿನ ಉತ್ತರ ಬಾಡಿಗೆದಾರನಿಗೆ ಕಹಿಯಾಗಿಯೇ ಇದೆ. ಬೆಂಕಿ, ನೆರೆ ಅಥವಾ ಕಟ್ಟಡದ ಹಾನಿಯಿಂದ ಒಂದೆರಡು ತಿಂಗಳು ಜಾಗ ಬಳಸಲಾಗದೆ ಹೋದರೆ ಅಷ್ಟು ದಿನದ ಬಾಡಿಗೆ ತಾನಾಗಿಯೇ ಮಾಫಿಯಾಗುತ್ತದೆ ಎಂಬ ಸಾಮಾನ್ಯ ನಿಯಮ ನಮ್ಮ ಹಳೆಯ ಕಾಯ್ದೆಯಲ್ಲಿಲ್ಲ. ಕಾಯ್ದೆ ಕೊಡುವ ದಾರಿ ಒಂದೇ. ಹಾನಿ ಶಾಶ್ವತವಾಗಿದ್ದರೆ ಕರಾರನ್ನು ಮುರಿದು ಹೊರಡಬಹುದು. ಇಲ್ಲವಾದರೆ ಕರಾರು ಉಳಿಯುತ್ತದೆ, ಬಾಡಿಗೆಯೂ ಉಳಿಯುತ್ತದೆ. ಇವೆರಡರ ನಡುವಿನ ಜಾಗವನ್ನು ತುಂಬಬೇಕಾದದ್ದು ಕರಾರು ಪತ್ರ. ನಾವು ಸ್ಟ್ಯಾಂಪ್ ಪೇಪರ್ ಅಂಗಡಿಯಲ್ಲಿ ಟೈಪ್ ಮಾಡಿಸುವ ಹನ್ನೊಂದು ತಿಂಗಳ ಕರಾರಿನಲ್ಲಿ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಮಾತು ತಪ್ಪದೆ ಇರುತ್ತದೆ. ಮನೆಯೇ ಮುಳುಗಿದರೆ ಏನು ಎಂಬ ಮಾತು ಇರುವುದು ತೀರಾ ಅಪರೂಪ.

1882ರ ಒಂದು ವಾಕ್ಯ

ಕರ್ನಾಟಕದಲ್ಲಿ ಬಾಡಿಗೆ ಕಾಯ್ದೆ ಎಂದೊಡನೆ ಜನ 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ನೆನೆಯುತ್ತಾರೆ. ಅದು ಸಣ್ಣ ಬಾಡಿಗೆಯ ಮನೆಗಳಿಗೂ ತೀರಾ ಚಿಕ್ಕ ಅಂಗಡಿಗಳಿಗೂ ಮಾಡಿದ ಕಾಯ್ದೆ. ಇಂದಿನ ಪೇಟೆಯ ಬಾಡಿಗೆಗಳಲ್ಲಿ ಹೆಚ್ಚಿನವು ಅದರ ಮಿತಿಯನ್ನು ಎಂದೋ ದಾಟಿವೆ. ಹಾಗೆ ದಾಟಿದವುಗಳಿಗೆಲ್ಲ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಮಿನಲ್ಲಿ ಮಾಲೀಕನ ಮತ್ತು ಬಾಡಿಗೆದಾರನ ಹಕ್ಕು-ಹೊಣೆಗಳ ಪಟ್ಟಿಯಿದೆ. ಆ ಪಟ್ಟಿ ಶುರುವಾಗುವುದೇ ‘ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ’ ಎಂಬ ಷರತ್ತಿನೊಂದಿಗೆ. ಅಂದರೆ ಕರಾರಿನಲ್ಲಿ ನಾವು ಬೇರೆ ಮಾತು ಬರೆದುಕೊಂಡಿದ್ದರೆ ಆ ಮಾತೇ ಗೆಲ್ಲುತ್ತದೆ.

ಈ ಕಲಮಿನ ‘ಬಿ’ ಭಾಗದ ‘ಇ’ ಉಪಕಲಮು ನಮ್ಮ ವಿಷಯಕ್ಕೆ ಸೇರಿದ್ದು. ಸರಳವಾಗಿ ಹೇಳಿದರೆ ಅದರ ಅರ್ಥ ಇಷ್ಟು: ಬೆಂಕಿ, ಬಿರುಗಾಳಿ, ನೆರೆ, ಸೈನ್ಯದ ಅಥವಾ ಗುಂಪಿನ ದಾಂಧಲೆ, ಇಲ್ಲವೇ ತಡೆಯಲಾಗದ ಇನ್ನಾವುದೇ ಶಕ್ತಿಯಿಂದ ಸ್ವತ್ತಿನ ಮುಖ್ಯ ಭಾಗವೊಂದು ಪೂರ್ತಿ ನಾಶವಾದರೆ, ಅಥವಾ ಯಾವ ಉದ್ದೇಶಕ್ಕೆ ಬಾಡಿಗೆಗೆ ಕೊಟ್ಟಿತ್ತೋ ಆ ಉದ್ದೇಶಕ್ಕೆ ಬಹುಮಟ್ಟಿಗೆ ಮತ್ತು ಶಾಶ್ವತವಾಗಿ ಒದಗದಂತಾದರೆ, ಬಾಡಿಗೆದಾರ ಬಯಸಿದಲ್ಲಿ ಕರಾರು ರದ್ದಾಗುತ್ತದೆ. ಹಾನಿಗೆ ಬಾಡಿಗೆದಾರನ ತಪ್ಪೇ ಕಾರಣವಾಗಿದ್ದರೆ ಈ ಸವಲತ್ತು ಅವನಿಗಿಲ್ಲ.

ಇಲ್ಲಿ ಜನ ಎಡವುವುದು ‘ಶಾಶ್ವತವಾಗಿ’ ಎಂಬಲ್ಲಿ. ಅಡುಗೆಮನೆಯಲ್ಲಿ ಮೊಣಕಾಲುದ್ದ ಕೆಸರು, ಹಾಳಾದ ವೈರಿಂಗು, ಉಬ್ಬಿದ ಬಾಗಿಲು ಇವೆಲ್ಲ ಬದುಕನ್ನು ಅಲ್ಲೋಲಕಲ್ಲೋಲ ಮಾಡುತ್ತವೆ. ಆದರೆ ತೊಳೆದು, ಒಣಗಿಸಿ, ರಿಪೇರಿ ಮಾಡಿಸಿದರೆ ಎರಡು ತಿಂಗಳಲ್ಲಿ ಮನೆ ಮತ್ತೆ ಮನೆಯಾಗುತ್ತದೆ. ಕಾನೂನಿನ ಕಣ್ಣಿಗೆ ಇದು ಶಾಶ್ವತ ಹಾನಿಯಲ್ಲ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ದೆಹಲಿಯ ಖಾನ್ ಮಾರ್ಕೆಟ್‌ನ ಒಂದು ಅಂಗಡಿಯ ಬಾಡಿಗೆದಾರರು ಬಾಡಿಗೆ ತಡೆಹಿಡಿಯಲು ಅನುಮತಿ ಕೋರಿದಾಗ ದೆಹಲಿ ಹೈಕೋರ್ಟ್ 2020ರ ಮೇ ತಿಂಗಳಲ್ಲಿ ಇದೇ ಉಪಕಲಮನ್ನು ಬಿಡಿಸಿ ನೋಡಿತು. ತಾತ್ಕಾಲಿಕವಾಗಿ ಬಳಸಲಾಗದಿದ್ದ ಮಾತ್ರಕ್ಕೆ ಈ ಉಪಕಲಮು ಒದಗುವುದಿಲ್ಲ ಎಂದು ಹೇಳಿ, ಬಾಡಿಗೆ ಕಟ್ಟಲು ಸ್ವಲ್ಪ ಕಾಲಾವಕಾಶವನ್ನಷ್ಟೇ ಕೊಟ್ಟಿತು. ಪ್ರಕರಣ ಲಾಕ್‌ಡೌನಿನದು. ತರ್ಕ ನೆರೆಗೂ ಬೆಂಕಿಗೂ ಹಾಗೇ ಹೊಂದುತ್ತದೆ.

‘ಒಪ್ಪಂದ ಈಡೇರಿಸಲು ಅಸಾಧ್ಯವಾದರೆ ಅದು ತಾನೇ ರದ್ದಾಗುತ್ತದಲ್ಲ?’ ಎಂದು ಕರಾರು ಕಾಯ್ದೆಯ 56ನೆಯ ಕಲಮನ್ನು ತೋರಿಸುವವರಿದ್ದಾರೆ. ಆ ಬಾಗಿಲನ್ನು ಸುಪ್ರೀಂ ಕೋರ್ಟ್ 1968ರಲ್ಲೇ ಮುಚ್ಚಿದೆ. ರಾಜಾ ಧ್ರುವದೇವ್ ಚಂದ್ ಅವರ ಆ ಪ್ರಕರಣದಲ್ಲಿ ಗುತ್ತಿಗೆಗೆ ಪಡೆದಿದ್ದ ಜಮೀನು ದೇಶ ವಿಭಜನೆಯಲ್ಲಿ ಪಾಕಿಸ್ತಾನದ ಪಾಲಾಗಿತ್ತು. ಗಲಭೆಯಿಂದಾಗಿ ಅಲ್ಲಿ ಉಳುಮೆ ಮಾಡಲಾಗಲಿಲ್ಲ, ಕೊಟ್ಟ ಹಣ ವಾಪಸಾಗಲಿ ಎಂಬುದು ಗುತ್ತಿಗೆದಾರರ ವಾದ. ಗುತ್ತಿಗೆ ಬರೀ ಒಪ್ಪಂದವಲ್ಲ, ಸ್ವತ್ತಿನ ಹಕ್ಕೇ ಆಗಲೇ ಕೈ ಬದಲಾಯಿಸಿಬಿಟ್ಟಿರುತ್ತದೆ, ಹಾಗಾಗಿ 56ನೆಯ ಕಲಮು ಇದಕ್ಕೆ ಸಲ್ಲದು ಎಂದು ಕೋರ್ಟ್ ಹೇಳಿತು. ಅಂಥ ಮಹಾವಿಪತ್ತಿಗೇ ಹಣ ವಾಪಸಾಗಲಿಲ್ಲವೆಂದರೆ ಎರಡು ತಿಂಗಳ ಕೆಸರಿಗೆ ಆ ಕಲಮನ್ನು ನಂಬಿಕೊಂಡು ಕೂರುವುದು ವ್ಯರ್ಥ.

ಬಿಡುವ ಹಕ್ಕು ಯಾರದು, ಯಾವಾಗ

ಹಾನಿ ನಿಜಕ್ಕೂ ಶಾಶ್ವತವಾಗಿದ್ದಾಗಲೂ ಕರಾರು ತಾನಾಗಿ ಸಾಯುವುದಿಲ್ಲ. ರದ್ದು ಮಾಡುವ ಆಯ್ಕೆ ಬಾಡಿಗೆದಾರನದು, ಅವನೊಬ್ಬನದೇ. ಅವನು ಆ ಆಯ್ಕೆಯನ್ನು ತಿಳಿಸುವವರೆಗೆ ಬಾಡಿಗೆ ಏರುತ್ತಲೇ ಇರುತ್ತದೆ. ಸುಟ್ಟ ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗಿ, ಆರು ತಿಂಗಳ ಮೇಲೆ ಬಂದು ಅಡ್ವಾನ್ಸ್ ಕೇಳಿದರೆ ಮಾಲೀಕ ಆ ಆರು ತಿಂಗಳ ಬಾಡಿಗೆ ಮುರಿದುಕೊಂಡೇ ಕೊಡುತ್ತಾನೆ. ಅವನಿಗೆ ಹಾಗೆ ಮಾಡಲು ಆಧಾರವೂ ಇರುತ್ತದೆ. ಬಿಡುವುದೆಂದು ತೀರ್ಮಾನಿಸಿದ ದಿನವೇ, 108ನೆಯ ಕಲಮಿನ ಪ್ರಕಾರ ಕರಾರನ್ನು ರದ್ದು ಮಾಡುತ್ತಿದ್ದೇನೆಂದು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸು ಕಳಿಸಿ, ಕೀಲಿಕೈ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಬೇಕು.

ಆದರೆ ಆತುರಪಡಬಾರದ ಸಂದರ್ಭವೂ ಇದೆ, ಮತ್ತು ಅದು ಮುಖ್ಯವಾದದ್ದು. ಹಳೇ ಪೇಟೆಗಳಲ್ಲಿ ಎರಡು ತಲೆಮಾರಿನಿಂದ ಕಡಿಮೆ ಬಾಡಿಗೆಗೆ ಇರುವ ಅಂಗಡಿಗಳಿವೆ. ಕಟ್ಟಡ ಶಿಥಿಲವಾಗಿ ಪಾಲಿಕೆಯವರು ಕೆಡವಿದರೆ ಮಾಲೀಕ, ‘ಕಟ್ಟಡವೇ ಇಲ್ಲ, ಇನ್ನು ನಿಮ್ಮ ಬಾಡಿಗೆ ಹಕ್ಕು ಎಲ್ಲಿಯದು?’ ಎಂದು ಕೇಳುತ್ತಾನೆ. ಮಹಾರಾಷ್ಟ್ರದ ಸಾಂಗಲಿಯಲ್ಲಿ ಹೀಗೇ ಆಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2014ರಲ್ಲಿ ಶಾಹಾ ರತನ್ಸಿ ಖಿಮ್ಜಿ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಾಡಿಗೆದಾರರ ಪರ ನಿಂತಿತು. ಬಾಡಿಗೆಗೆ ಕೊಟ್ಟದ್ದರಲ್ಲಿ ನೆಲವೂ ಸೇರಿರುತ್ತದೆ, ಗೋಡೆ ಬಿದ್ದ ಮಾತ್ರಕ್ಕೆ ಬಾಡಿಗೆ ಹಕ್ಕು ಅಳಿಯುವುದಿಲ್ಲ ಎಂಬುದು ಅದರ ಸಾರ. ಹಿಂದೆ ಇದೇ ನ್ಯಾಯಾಲಯ ಇದಕ್ಕೆ ವಿರುದ್ಧವಾಗಿ ಹೇಳಿದ್ದನ್ನು ಅದು ತಳ್ಳಿಹಾಕಿತು. ಆದ್ದರಿಂದ ಹಳೆಯ ಅಂಗಡಿಯ ಬಾಡಿಗೆದಾರರು ಸಿಟ್ಟಿನಲ್ಲೋ ದುಃಖದಲ್ಲೋ ‘ಬಿಟ್ಟೆ’ ಎಂದು ಬರೆದುಕೊಡುವ ಮೊದಲು ಒಬ್ಬ ವಕೀಲರನ್ನು ಕಾಣಬೇಕು. ಹಾಗೆ ಬರೆದುಕೊಟ್ಟ ಮೇಲೆ ತಲೆಮಾರಿನ ಹಕ್ಕು ಮರಳುವುದು ಕಷ್ಟ.

ಅರ್ಧ ಜಾಗಕ್ಕೆ ಅರ್ಧ ಬಾಡಿಗೆ?

ಹೆಚ್ಚಿನ ಜಗಳಗಳು ನಡುವಿನ ಸ್ಥಿತಿಯಲ್ಲಿ ಹುಟ್ಟುತ್ತವೆ. ಜಾಗದ ಒಂದು ಭಾಗ ಹಾಳಾಗಿರುತ್ತದೆ, ಇನ್ನೊಂದು ಭಾಗದಲ್ಲಿ ಹೇಗೋ ವ್ಯಾಪಾರ ನಡೆಯುತ್ತಿರುತ್ತದೆ. ಇಂಥಲ್ಲಿ ಪ್ರಮಾಣಕ್ಕೆ ತಕ್ಕಂತೆ ಬಾಡಿಗೆ ಇಳಿಸುವ ಲೆಕ್ಕ ನಮ್ಮ ನ್ಯಾಯಾಲಯಗಳಿಗೆ ಹೊಸದೇನಲ್ಲ. ಮೂರು ಮಲಗುವ ಕೋಣೆಗಳ ಫ್ಲ್ಯಾಟ್ ಬಾಡಿಗೆಗೆ ಕೊಡುವುದಾಗಿ ಒಪ್ಪಿ ಒಂದು ಕೋಣೆಯನ್ನು ಬಿಟ್ಟುಕೊಡದೇ ಹೋದ ಕೋಲ್ಕತ್ತಾದ ಪ್ರಕರಣವೊಂದರಲ್ಲಿ ಬಾಡಿಗೆದಾರರು ಇಡೀ ಬಾಡಿಗೆಯನ್ನೇ ತಡೆಹಿಡಿಯುವ ಹಕ್ಕು ಕೇಳಿದ್ದರು. ಸುರೇಂದ್ರನಾಥ ಬಿಬ್ರಾ ಪ್ರಕರಣವೆಂದು ಹೆಸರಾದ ಅದರಲ್ಲಿ 1960ರ ದಶಕದಲ್ಲಿ ಸುಪ್ರೀಂ ಕೋರ್ಟ್ ಇಬ್ಬರ ವಾದವನ್ನೂ ಪೂರ್ತಿ ಒಪ್ಪಲಿಲ್ಲ. ಬಳಸುತ್ತಿರುವ ಭಾಗಕ್ಕೆ ತಕ್ಕ ಬಾಡಿಗೆ ಕಟ್ಟಿ, ಸಿಗದ ಭಾಗದ್ದನ್ನು ಇಳಿಸಿಕೊಳ್ಳಿ ಎಂದಿತು.

ಆ ಪ್ರಕರಣದಲ್ಲಿ ತಪ್ಪು ಮಾಲೀಕರದು ಎಂಬುದನ್ನು ಮರೆಯಬಾರದು. ಆಕಾಶದಿಂದ ಬಿದ್ದ ನೀರಿಗೆ ಅದೇ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ. ಬಾಡಿಗೆದಾರ ಕಡಿತ ಕೇಳುವ ಮೊದಲು ತನಗೆ ತಾನೇ ಹಾಕಿಕೊಳ್ಳಬೇಕಾದ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ: ಹಾನಿಯ ಮೂಲ ಯಾವುದು? ಮೇಲಿನ ಮಹಡಿಯಲ್ಲಿ ಮಾಲೀಕ ಪರವಾನಗಿಯಿಲ್ಲದೆ ಮತ್ತೊಂದು ಅಂತಸ್ತು ಕಟ್ಟಿಸಿದ್ದರಿಂದ ಕೆಳಗಿನ ತೊಲೆ ಬಿರಿದಿದ್ದರೆ ಅದು ಅವನ ಕೃತ್ಯ. ನೆಲಮಾಳಿಗೆಗೆ ಪ್ರತಿ ಮಳೆಗಾಲ ನೀರು ನುಗ್ಗುತ್ತದೆಂದು ಗೊತ್ತಿದ್ದೂ ಬಾಯಿಬಿಡದೆ ಬಾಡಿಗೆಗೆ ಕೊಟ್ಟಿದ್ದರೆ ಅದೂ ಅವನ ಲೋಪ. ನೋಡಿದರೆ ಕಾಣದ, ಬಳಕೆಗೆ ಅಡ್ಡಿಯಾಗುವ ದೋಷವನ್ನು ಮಾಲೀಕ ಮೊದಲೇ ತಿಳಿಸಬೇಕೆಂದು 108ನೆಯ ಕಲಮೇ ಹೇಳುತ್ತದೆ. ಹೊಸದಾಗಿ ಬಳಿದ ಸುಣ್ಣದ ಕೆಳಗೆ ಹಳೆಯ ನೀರಿನ ಗೆರೆ ಸಿಕ್ಕರೆ ಫೋಟೊ ತೆಗೆದಿಡಿ. ಹಿಂದಿನ ಬಾಡಿಗೆದಾರರನ್ನು ಹುಡುಕಿ ವಿಚಾರಿಸಿ. ಮಾಲೀಕನ ಲೋಪ ಸಾಬೀತಾದರೆ ಕಡಿತ ಕೇಳುವವನ ಕೈ ಬಲವಾಗುತ್ತದೆ.

ಹಳೆಯದಾಗಿ ತಾನೇ ಕುಸಿದ ಕಟ್ಟಡದ ಕಥೆ ಇನ್ನೂ ಗೋಜಲಿನದು. 2021ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನ ಲಕ್ಕಸಂದ್ರದಲ್ಲಿ, ಅದಾದ ಹತ್ತು-ಹನ್ನೆರಡು ದಿನಗಳಲ್ಲಿ ಕಸ್ತೂರಿನಗರದಲ್ಲಿ ಕಟ್ಟಡಗಳು ಉರುಳಿದ್ದು ನೆನಪಿರಬಹುದು. ವಯಸ್ಸಿನಿಂದಲೋ ಕಳಪೆ ಕೆಲಸದಿಂದಲೋ ಬಿರಿದ ಗೋಡೆಯನ್ನು ‘ತಡೆಯಲಾಗದ ಶಕ್ತಿ’ಯ ಹಾನಿ ಎನ್ನುವುದು ಕಷ್ಟ. ರಿಪೇರಿಯ ಹೊಣೆಯನ್ನು 1882ರ ಕಾಯ್ದೆ ಸಾಮಾನ್ಯ ನಿಯಮವಾಗಿ ಮಾಲೀಕನ ಮೇಲೆ ಹೊರಿಸಿಯೂ ಇಲ್ಲ. ‘ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು’ ಎಂದಷ್ಟೇ ಅದು ಹೇಳುತ್ತದೆ. ಮಾಡಿಸಲೇಬೇಕಾದದ್ದು ಯಾವುದೆಂದು ಕರಾರಿನಲ್ಲಿ ಬರೆದಿರಬೇಕು. ‘ತೊಲೆ, ಕಂಬ, ತಾರಸಿ, ಹೊರಗೋಡೆ ಮತ್ತು ಮುಖ್ಯ ಕೊಳವೆಗಳ ರಿಪೇರಿ ಮಾಲೀಕರದು’ ಎಂಬ ಒಂದು ಸಾಲು ಇಲ್ಲದಿದ್ದರೆ ಈ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಒಂದು ಅಂಗಡಿಯ ಲೆಕ್ಕ

ಕಡಿತಕ್ಕೆ ಮಾಲೀಕ ಒಪ್ಪಿದನೆಂದೇ ಇಟ್ಟುಕೊಳ್ಳೋಣ. ಎಷ್ಟು ಎಂಬಲ್ಲಿ ಮತ್ತೆ ಜಗಳ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ತಗ್ಗು ಬೀದಿಯಲ್ಲಿ ಒಂದು ಬಟ್ಟೆ ಅಂಗಡಿ. ರಸ್ತೆ ಮಟ್ಟದಲ್ಲಿ 800 ಚದರ ಅಡಿ ಮಳಿಗೆ, ಕೆಳಗೆ 400 ಚದರ ಅಡಿಯ ಗೋದಾಮು. ಒಟ್ಟು ಬಾಡಿಗೆ ತಿಂಗಳಿಗೆ 60,000 ರೂಪಾಯಿ. ಸೆಪ್ಟೆಂಬರ್ 5ರ ಬೆಳಗ್ಗೆ ನೀರು ನುಗ್ಗಿತು. ಗೋದಾಮು ಪೂರ್ತಿ ತುಂಬಿ, ಮಳಿಗೆಯಲ್ಲೂ ಎರಡಡಿ ನೀರು ನಿಂತು, ಕರೆಂಟು ಕಡಿತವಾಯಿತು. ಮಳಿಗೆಯನ್ನು ತೊಳೆದು ವೈರಿಂಗ್ ಸರಿಪಡಿಸಿ ಮತ್ತೆ ತೆರೆದದ್ದು ಸೆಪ್ಟೆಂಬರ್ 14ರಂದು. ಗೋದಾಮಿನ ಗೋಡೆ ಒಣಗಿ, ಪಂಪು ಕೂರಿಸಿ, ಸರಕು ಇಡುವ ಹಾಗಾದದ್ದು ನವೆಂಬರ್ 4ರಂದು.

ಬಾಡಿಗೆದಾರ ಅಳತೆಯ ಲೆಕ್ಕ ಮುಂದಿಡುತ್ತಾನೆ. 1,200ರಲ್ಲಿ 400 ಚದರ ಅಡಿ ಎಂದರೆ ಮೂರನೇ ಒಂದು ಪಾಲು, ಹಾಗಾಗಿ ಗೋದಾಮಿನ ಲೆಕ್ಕಕ್ಕೆ ತಿಂಗಳಿಗೆ 20,000 ಇಳಿಸಬೇಕು. ಇದು ಸರಿಯಲ್ಲ. ರಸ್ತೆಗೆ ಮುಖ ಮಾಡಿದ ಮಳಿಗೆಯ ಒಂದು ಅಡಿಗೂ ಕತ್ತಲ ಗೋದಾಮಿನ ಒಂದು ಅಡಿಗೂ ಪೇಟೆಯಲ್ಲಿ ಒಂದೇ ಬೆಲೆಯಿಲ್ಲ. ಅಕ್ಕಪಕ್ಕದಲ್ಲಿ ಗೋದಾಮುಗಳು ಚದರ ಅಡಿಗೆ 30 ರೂಪಾಯಿಗೆ ಹೋಗುತ್ತಿದ್ದರೆ ಇದರ ಪಾಲು 12,000. ಉಳಿದ 48,000 ಮಳಿಗೆಯದು, ಅಂದರೆ ಅಡಿಗೆ 60. ಬಾಡಿಗೆಯನ್ನು ಭಾಗ ಮಾಡಬೇಕಾದದ್ದು ಆಯಾ ಭಾಗಕ್ಕೆ ಪೇಟೆಯಲ್ಲಿರುವ ಬೆಲೆಯ ಮೇಲೆ. ವಿಸ್ತೀರ್ಣದ ಮೇಲೆ ಮಾಡಿದರೆ ಮಾಲೀಕನಿಗೆ ಅನ್ಯಾಯ. ಗೋದಾಮಿನ ಬದಲು ಮಳಿಗೆಯೇ ಹಾಳಾಗಿದ್ದರೆ ಅದೇ ಲೆಕ್ಕದಿಂದ ಬಾಡಿಗೆದಾರನಿಗೆ ಅನ್ಯಾಯವಾಗುತ್ತಿತ್ತು.

ಇನ್ನು ದಿನದ ಲೆಕ್ಕ. ತಿಂಗಳನ್ನು 30 ದಿನವೆಂದು ಹಿಡಿದರೆ ಇಡೀ ಜಾಗಕ್ಕೆ ದಿನಕ್ಕೆ 2,000, ಗೋದಾಮಿಗೆ 400. ಸೆಪ್ಟೆಂಬರ್ 5ರಿಂದ 13ರವರೆಗೆ ಒಂಬತ್ತು ದಿನ ಇಡೀ ಜಾಗ ಬಂದ್, 18,000 ಇಳಿಯಿತು. 14ರಿಂದ 30ರವರೆಗೆ ಹದಿನೇಳು ದಿನ ಗೋದಾಮು ಮಾತ್ರ, 6,800. ಸೆಪ್ಟೆಂಬರಿಗೆ ಕಟ್ಟಬೇಕಾದದ್ದು 35,200. ಅಕ್ಟೋಬರಿನಲ್ಲಿ ಗೋದಾಮಿನ ಪೂರ್ತಿ 12,000 ಕಳೆದು 48,000. ನವೆಂಬರಿನ ಮೊದಲ ಮೂರು ದಿನಕ್ಕೆ 1,200 ಕಳೆದು 58,800. ಮೂರು ತಿಂಗಳಲ್ಲಿ ಒಟ್ಟು ಇಳಿದದ್ದು 38,000 ರೂಪಾಯಿ. ಹೀಗೆ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ ಮಾಲೀಕನೂ ಕೂತು ಮಾತಾಡುತ್ತಾನೆ. ‘ಏನಾದರೂ ಕಮ್ಮಿ ಮಾಡಿ’ ಎಂದು ಅಂಗಲಾಚಿದರೆ ಒಂದು ತಿಂಗಳ ಅರ್ಧ ಬಾಡಿಗೆಗೆ ಮಾತು ಮುಗಿದುಹೋಗುತ್ತದೆ.

ಬಾಡಿಗೆಗೆ ಜಿಎಸ್‌ಟಿ ಸೇರಿಸಿ ಬಿಲ್ ಮಾಡುವ ಮಾಲೀಕನಾದರೆ ಇಳಿಸಿದ ಮೊತ್ತಕ್ಕೆ ಕ್ರೆಡಿಟ್ ನೋಟ್ ಪಡೆಯಲು ಮರೆಯಬೇಡಿ. ಇಲ್ಲವಾದರೆ ವರ್ಷದ ಕೊನೆಗೆ ಇಬ್ಬರ ಲೆಕ್ಕಪುಸ್ತಕಗಳೂ ತಾಳೆಯಾಗುವುದಿಲ್ಲ.

ಕೆಸರು ತೊಳೆಯುವ ಮೊದಲು

ಇಷ್ಟೆಲ್ಲ ಲೆಕ್ಕಕ್ಕೂ ಆಧಾರ ತಾರೀಖುಗಳು. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಭಾಗ ಬಳಸಲಾಗಲಿಲ್ಲ ಎಂಬುದಕ್ಕೆ ಮೂರನೆಯವರ ಸಾಕ್ಷಿ ಬೇಕು. ಬೆಂಕಿಯಾದರೆ ಅಗ್ನಿಶಾಮಕ ಇಲಾಖೆಯ ವರದಿ. ನೆರೆಯಾದರೆ ಕಂದಾಯ ಇಲಾಖೆಯವರು ಬಂದು ಮಾಡುವ ಮಹಜರು. ಕಟ್ಟಡ ಬಿರಿದರೆ ಪಾಲಿಕೆಯ ನೋಟಿಸು. ವಿದ್ಯುತ್ ಕಂಪನಿಯವರು ಸಂಪರ್ಕ ಕಡಿತ ಮಾಡಿದ, ಮತ್ತೆ ಕೊಟ್ಟ ದಿನಾಂಕಗಳ ದಾಖಲೆ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಅದರಲ್ಲಿ ಎರಡೂ ಕಡೆಯವರ ಕೈವಾಡವಿರುವುದಿಲ್ಲ. ಗೋಡೆಯ ಮೇಲಿನ ನೀರಿನ ಗೆರೆಗೆ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ. ಮನೆ ತೊಳೆಯುವ ಅವಸರದಲ್ಲಿ ಸಾಕ್ಷಿಯನ್ನೇ ತೊಳೆದುಬಿಡುವವರು ಬಹಳ.

ಬೆಂಕಿ ಬಿದ್ದ ಕಟ್ಟಡದಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಹಾನಿ ದೊಡ್ಡದು. ಕಾಂಕ್ರೀಟು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಹಲವು ಸಲ ನಸುಗೆಂಪು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೂ ಹೆಚ್ಚು ಕಾದಷ್ಟೂ ಅದರ ಬಲ ಕುಗ್ಗುತ್ತದೆ. ಚಾವಣಿಯ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರಿ ಕಬ್ಬಿಣದ ಸರಳು ಹೊರಗೆ ಕಂಡರೆ ಸುಣ್ಣ ಬಳಿದು ಒಳಗೆ ಹೋಗುವ ಮಾತೇ ಇಲ್ಲ. ಸ್ಟ್ರಕ್ಚರಲ್ ಎಂಜಿನಿಯರೊಬ್ಬರು ಬಂದು ಸುತ್ತಿಗೆ ಪರೀಕ್ಷೆ ಮಾಡಿ, ಬೇಕಾದರೆ ಕೊರೆದು ತೆಗೆದ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ಕೊಡುತ್ತಾರೆ. ರಿಪೇರಿ ಸಾಧ್ಯವೇ, ಸಾಧ್ಯವಾದರೆ ಎಷ್ಟು ತಿಂಗಳು ಎಂಬ ಎರಡು ಪ್ರಶ್ನೆಗೆ ಆ ವರದಿಯಲ್ಲಿ ಬರಹದಲ್ಲಿ ಉತ್ತರ ಇರುವಂತೆ ನೋಡಿಕೊಳ್ಳಿ. ‘ಶಾಶ್ವತ’ ಹೌದೋ ಅಲ್ಲವೋ ಎಂಬ ಕಾನೂನಿನ ಪ್ರಶ್ನೆ ಕೊನೆಗೆ ನಿಲ್ಲುವುದು ಈ ಉತ್ತರದ ಮೇಲೆಯೇ.

ಮಾತುಕತೆ ನಡೆಯುತ್ತಿರುವಾಗ ಬಾಡಿಗೆಯನ್ನು ಸುಮ್ಮನೆ ನಿಲ್ಲಿಸಿಬಿಡಬೇಡಿ. ‘ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ’ ಎನ್ನುವುದು ಬೆಂಗಳೂರಿನ ರೂಢಿಯ ಮಾತು. ಆದರೆ ಮಾಲೀಕ ಬರಹದಲ್ಲಿ ಒಪ್ಪದಿದ್ದರೆ ಅದು ಬಾಡಿಗೆ ಬಾಕಿಯೇ. ಬಾಕಿ ಉಳಿಸಿಕೊಂಡವನನ್ನು ಎಬ್ಬಿಸುವುದು ಮಾಲೀಕನಿಗೆ ಸುಲಭ, ಕೋರ್ಟಿನ ಮುಂದೆ ಅವನ ಕಡೆ ನ್ಯಾಯವಿದೆ ಎಂಬಂತೆಯೂ ಕಾಣುತ್ತದೆ. ಬಳಸುತ್ತಿರುವ ಭಾಗದ ಬಾಡಿಗೆಯನ್ನಂತೂ ತಪ್ಪದೆ ಬ್ಯಾಂಕಿನ ಮೂಲಕ ಕಟ್ಟಿ. ವಿವಾದದಲ್ಲಿರುವ ಮೊತ್ತವನ್ನೂ ಕಟ್ಟುವ ಶಕ್ತಿ ಇದ್ದರೆ, ‘ನನ್ನ ತಕರಾರನ್ನು ಕಾಯ್ದಿರಿಸಿಕೊಂಡು ಕಟ್ಟುತ್ತಿದ್ದೇನೆ’ ಎಂದು ಪತ್ರ ಬರೆದು ಕಟ್ಟುವುದೇ ಕ್ಷೇಮ.

ಭೋಗ್ಯದವರ ಪಾಡು

ನಮ್ಮ ರಾಜ್ಯದಲ್ಲಿ ‘ಲೀಸ್’ ಅಥವಾ ಭೋಗ್ಯಕ್ಕೆ ಮನೆ ಹಿಡಿದವರು ತುಂಬಾ ಇದ್ದಾರೆ. ಹತ್ತು-ಹನ್ನೆರಡು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು-ಮೂರು ವರ್ಷ ಇರುವ ಏರ್ಪಾಡು ಇದು. ಮನೆ ಮುಳುಗಿದರೆ ಇವರಿಗೆ ಇಳಿಸಿಕೊಳ್ಳಲು ಬಾಡಿಗೆಯೇ ಇಲ್ಲ. ನಿಜದಲ್ಲಿ ಇವರು ಕೊಡುತ್ತಿರುವ ಬಾಡಿಗೆ ಕೊಟ್ಟ ಹಣದ ಬಡ್ಡಿ. 12 ಲಕ್ಷಕ್ಕೆ ವರ್ಷಕ್ಕೆ ಶೇಕಡ 6ರಂತೆ ಹಿಡಿದರೂ 72,000, ತಿಂಗಳಿಗೆ 6,000. ಮನೆ ಬಳಸಲಾಗದ ಪ್ರತಿ ತಿಂಗಳೂ ಇವರ ಕೈಯಿಂದ ಅಷ್ಟು ಹೋಗುತ್ತಿರುತ್ತದೆ, ಬೇರೆ ಮನೆಯ ಬಾಡಿಗೆ ಅದರ ಮೇಲೆ. ಮಾಲೀಕ ಆ ಹಣವನ್ನು ಇನ್ನೆಲ್ಲೋ ತೊಡಗಿಸಿರುವುದರಿಂದ ಕೂಡಲೇ ವಾಪಸು ಕೊಡುವ ಸ್ಥಿತಿಯಲ್ಲೂ ಇರುವುದಿಲ್ಲ. ಭೋಗ್ಯದ ಕರಾರಿನಲ್ಲಿ, ಮನೆ ವಾಸಕ್ಕೆ ಒದಗದ ತಿಂಗಳುಗಳಿಗೆ ಮಾಲೀಕ ಇಂತಿಷ್ಟು ಹಣ ಕೊಡತಕ್ಕದ್ದು, ಇಲ್ಲವೇ ಅಷ್ಟು ತಿಂಗಳು ಅವಧಿ ಮುಂದುವರಿಯತಕ್ಕದ್ದು ಎಂದು ಬರೆಸಿಕೊಳ್ಳದಿದ್ದರೆ ನಷ್ಟವೆಲ್ಲ ಇವರದೇ.

ಮಾಲೀಕನಿಗೂ ಒಂದು ದಾರಿಯಿದೆ

ಮನೆಗಳಿಗೆಂದು 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ, ವಿಮೆಯ ವ್ಯಾಪ್ತಿಗೆ ಬರುವ ಹಾನಿಯಿಂದ ಮನೆ ವಾಸಕ್ಕೆ ಒದಗದಿದ್ದಾಗ ಮಾಲೀಕನಿಗೆ ತಪ್ಪಿದ ಬಾಡಿಗೆಯನ್ನೂ ತುಂಬಿಕೊಡುವ ಏರ್ಪಾಡು ಇದೆ. ಅಂಗಡಿ-ಗೋದಾಮುಗಳ ಅಗ್ನಿ ವಿಮೆಗೆ ಬಾಡಿಗೆ ನಷ್ಟದ ರಕ್ಷಣೆಯನ್ನು ಬೇರೆ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬಹುದು. ಇಲ್ಲಿ ಬಾಡಿಗೆದಾರ ಬಾಡಿಗೆ ಕಟ್ಟುತ್ತಲೇ ಇದ್ದರೆ ಮಾಲೀಕನಿಗೆ ಬಾಡಿಗೆ ನಷ್ಟವೇ ಆಗಿರುವುದಿಲ್ಲ, ಕ್ಲೇಮೂ ಬರುವುದಿಲ್ಲ. ಕಡಿತವನ್ನು ಒಪ್ಪಿ ಬರೆದುಕೊಟ್ಟ ಪತ್ರವೇ ಅವನ ಕ್ಲೇಮಿಗೆ ದಾಖಲೆಯಾಗುತ್ತದೆ. ಕಡಿತ ಎಂದೊಡನೆ ಮುಖ ಗಂಟಿಕ್ಕುವ ಮಾಲೀಕನಿಗೆ ಮೊದಲು ಕೇಳಬೇಕಾದದ್ದು, ‘ನಿಮ್ಮ ಪಾಲಿಸಿ ಒಮ್ಮೆ ನೋಡೋಣವೇ?’ ಎಂದು. ಬಾಡಿಗೆದಾರನ ಸಾಮಾನು-ಸರಕಿಗೆ ಆ ಪಾಲಿಸಿ ಒದಗುವುದಿಲ್ಲ. ಅದಕ್ಕೆ ಅವನದೇ ಬೇರೆ ವಿಮೆ ಬೇಕು.

ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆ ಈ ಕಂದಕವನ್ನು ಮುಚ್ಚಲು ಹೊರಟಿದೆ. ನೆರೆ, ಬೆಂಕಿ, ಭೂಕಂಪದಂಥ ವಿಪತ್ತಿನಿಂದ ಜಾಗ ವಾಸಕ್ಕೆ ಒದಗದಂತಾದರೆ, ಮಾಲೀಕ ಅದನ್ನು ಸರಿಪಡಿಸಿ ವಾಸಯೋಗ್ಯ ಮಾಡುವವರೆಗೆ ಬಾಡಿಗೆ ವಸೂಲಿ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಸರಿಪಡಿಸಲಾಗದಿದ್ದರೆ ಠೇವಣಿಯನ್ನು ವಾಪಸು ಕೊಡಬೇಕೆಂದೂ ಹೇಳುತ್ತದೆ. ಬಾಡಿಗೆದಾರನ ಮೇಲಿನ ಅನ್ಯಾಯವನ್ನು ಇಷ್ಟು ನೇರವಾಗಿ ಸರಿಪಡಿಸುವ ಮಾತು ನಮ್ಮ ಹಳೆಯ ಕಾಯ್ದೆಯಲ್ಲಿಲ್ಲ. ಆದರೆ ಮಾದರಿ ಕಾಯ್ದೆ ತಾನಾಗಿ ಎಲ್ಲೂ ಜಾರಿಯಾಗುವುದಿಲ್ಲ, ಆಯಾ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಳ್ಳಬೇಕು. ಪ್ರತಿ ಮಳೆಗಾಲ ಮುಳುಗುವ ಊರುಗಳಿರುವ ನಮ್ಮ ರಾಜ್ಯಕ್ಕೆ ಇಂಥ ಕಲಮು ತುರ್ತಾಗಿ ಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಅಲ್ಲಿಯವರೆಗೆ ಆ ಕಲಮನ್ನು ನಮ್ಮ ಕರಾರಿನಲ್ಲಿ ನಾವೇ ಬರೆದುಕೊಳ್ಳಬಹುದು, ಕಾಯ್ದೆಯೇ ಅದಕ್ಕೆ ದಾರಿ ಬಿಟ್ಟಿದೆ. ಇಷ್ಟು ಸಾಕು: ‘ಬಾಡಿಗೆದಾರರ ತಪ್ಪಿಲ್ಲದೆ ಬೆಂಕಿ, ನೆರೆ ಅಥವಾ ಕಟ್ಟಡದ ಹಾನಿಯಿಂದ ಸ್ವತ್ತು ಪೂರ್ತಿಯಾಗಿ ಅಥವಾ ಭಾಗಶಃ ಬಳಕೆಗೆ ಒದಗದಿದ್ದರೆ, ಹಾನಿಯಾದ ದಿನದಿಂದ ಮತ್ತೆ ಬಳಕೆಗೆ ಒದಗುವ ದಿನದವರೆಗೆ, ಬಳಸಲಾಗದ ಭಾಗದ ಮೌಲ್ಯಕ್ಕೆ ತಕ್ಕಂತೆ ಬಾಡಿಗೆ ಕಡಿತವಾಗತಕ್ಕದ್ದು. ಪ್ರಮಾಣದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಇಬ್ಬರೂ ಒಪ್ಪಿದ ಎಂಜಿನಿಯರರ ತೀರ್ಮಾನ ಅಂತಿಮ. 60 ದಿನಗಳಲ್ಲಿ ಸರಿಯಾಗದಿದ್ದರೆ ಬಾಡಿಗೆದಾರರು ಕರಾರನ್ನು ಕೊನೆಗೊಳಿಸಬಹುದು. ಹಾಗಾದಲ್ಲಿ ಮುಂಗಡ ಹಣವನ್ನು 15 ದಿನಗಳೊಳಗೆ ಮಾಲೀಕರು ಹಿಂದಿರುಗಿಸತಕ್ಕದ್ದು.’

ಇದರಲ್ಲಿ ‘ಹಾನಿಯಾದ ದಿನದಿಂದ’ ಎಂಬುದನ್ನು ‘ನೋಟಿಸು ಕೊಟ್ಟ ದಿನದಿಂದ’ ಎಂದು ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀರು ನುಗ್ಗಿದ ವಾರ ಯಾರೂ ನೋಟಿಸು ಬರೆಯುತ್ತಾ ಕೂರುವುದಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುತ್ತದೆ. ಮುಂದಿನ ಸಲ ಸಹಿ ಹಾಕುವ ಮೊದಲು ಈ ನಾಲ್ಕು ವಾಕ್ಯಗಳನ್ನು ಸೇರಿಸಲು ಮಾಲೀಕರನ್ನು ಕೇಳಿ. ಮಳೆಗಾಲಕ್ಕೆ ಮುಂಚೆಯೇ ಕೇಳಿ.